ಇಂಗ್ಲೆಂಡಿನಲ್ಲಿ ಮಗುವಿಗಾಗಿ ಚಿಕಿತ್ಸೆ: ಸ್ಖಲನದ ತೊಂದರೆಯನ್ನು ವೈದ್ಯರಿಗೆ ಹೇಳುವ ಬಗೆ

ಬೆಂಗಳೂರಿನಲ್ಲಿ ಜಯನಗರದ ಯಾವುದಾದರೂ ಕ್ಲಿನಿಕ್ಕಿಗೆ ಹೋಗಿ ನೇರವಾಗಿ ಯುರಾಲಜಿಸ್ಟರನ್ನು ಕಾಣಬಹುದು. ಇಂಗ್ಲೆಂಡಿನ ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಮೊದಲು ಜಿ.ಪಿ. ಎನ್ನುವ ಕುಟುಂಬ ವೈದ್ಯರನ್ನು ಕಾಣಬೇಕು, ತಜ್ಞರ ಬಳಿಗೆ ಪತ್ರ ಬರೆಯುವವರು ಅವರೇ. ಸಾಮಾನ್ಯವಾಗಿ ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ಪರೀಕ್ಷೆಗಳು ಆರಂಭವಾಗುತ್ತವೆ, ಆದರೆ ಕಾರಣ ಮೊದಲೇ ತಿಳಿದಿದ್ದರೆ ಅಷ್ಟು ಕಾಯಬೇಕಿಲ್ಲ. ಆದ್ದರಿಂದ ಅಲ್ಲಿ "ಮಗು ಆಗುತ್ತಿಲ್ಲ" ಎಂದಷ್ಟೇ ಹೇಳಿ ಸುಮ್ಮನಾಗಬಾರದು.

ಬಸವನಗುಡಿಯಿಂದ ಹೋಗಿ ನೆಲೆಸಿದ, ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ 36ರ ಒಬ್ಬರನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅವರಿಗೆ ನಿಮಿರುವಿಕೆಯೂ ಸುಖದ ಅನುಭವವೂ ಸರಿಯಾಗಿಯೇ ಇವೆ. ಆದರೆ ಹೊರಬರುವ ವೀರ್ಯ ಒಂದೆರಡು ಹನಿ ಮಾತ್ರ, ಅನಂತರದ ಮೂತ್ರ ಮಸುಕಾಗಿರುತ್ತದೆ. ವೀರ್ಯ ಪರೀಕ್ಷೆಯ ವರದಿಯಲ್ಲಿ ಪ್ರಮಾಣ 0.3 ಮಿಲಿಲೀಟರ್, ವೀರ್ಯಾಣುಗಳಿಲ್ಲ. ಇದನ್ನು ಓದಿ ವೃಷಣವೇ ಕೆಲಸ ಮಾಡುತ್ತಿಲ್ಲವೆಂದು ಎದೆಗುಂದುವವರಿದ್ದಾರೆ, ಅದು ಅವಸರದ ತೀರ್ಮಾನ. ಸ್ಖಲನದ ಹೊತ್ತಿಗೆ ಮುಚ್ಚಿಕೊಳ್ಳಬೇಕಾದ ಮೂತ್ರಕೋಶದ ಬಾಯಿ, ನರಗಳು ದುರ್ಬಲವಾದಾಗ ತೆರೆದೇ ಉಳಿದು, ವೀರ್ಯ ಒಳಕ್ಕೆ ಸರಿಯುತ್ತದೆ. ಇದೇ ಹಿಮ್ಮುಖ ಸ್ಖಲನ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಿಂದಲೂ ಮೂತ್ರ ಸರಾಗವಾಗಿ ಹೋಗಲು ಕೊಡುವ ಟ್ಯಾಮ್ಸುಲೋಸಿನ್‌ನಂತಹ ಮಾತ್ರೆಯಿಂದಲೂ ಹೀಗಾಗಬಹುದಾದ ಕಾರಣ, ಊರಿನಿಂದ ತಂದ ಮಾತ್ರೆಗಳ ಬ್ರ್ಯಾಂಡ್ ಹೆಸರಿನ ಬದಲು ಒಳಗಿರುವ ಔಷಧದ ಹೆಸರನ್ನು ಬರೆದುಕೊಂಡು ಹೋಗಬೇಕು.

ಖಚಿತಪಡಿಸುವ ಪರೀಕ್ಷೆ ಸರಳ: ಮೊದಲು ಮೂತ್ರ ವಿಸರ್ಜಿಸಿ, ಸ್ಖಲನವಾದ ಕೂಡಲೇ ಬರುವ ಮೂತ್ರವನ್ನು ಪ್ರಯೋಗಾಲಯಕ್ಕೆ ಕೊಟ್ಟರೆ, ಅದರಲ್ಲಿ ವೀರ್ಯಾಣುಗಳನ್ನು ಹುಡುಕುತ್ತಾರೆ. ಕಾರಣ ಮಾತ್ರೆಯಾಗಿದ್ದರೆ ವೈದ್ಯರು ಅದನ್ನು ಬದಲಿಸುತ್ತಾರೆ. ನರದ ತೊಂದರೆಗೆ ಸೂಡೋಎಫೆಡ್ರಿನ್ ಅಥವಾ ಇಮಿಪ್ರಮಿನ್ ಕೊಟ್ಟು ನೋಡುವುದುಂಟು, ಎಲ್ಲರಿಗೂ ಫಲಿಸುವುದಿಲ್ಲ. ಮೊದಲನೆಯದು ರಕ್ತದೊತ್ತಡ ಏರಿಸುವುದರಿಂದ ಸ್ವಂತ ಬುದ್ಧಿಯಿಂದ ನುಂಗುವಂಥದ್ದಲ್ಲ. ಮಾತ್ರೆ ಫಲಿಸದಿದ್ದರೆ, ಮೂತ್ರದ ಆಮ್ಲತೆ ವೀರ್ಯಾಣುಗಳನ್ನು ಕೊಲ್ಲದಂತೆ ಮುಂಚಿತವಾಗಿ ಸೋಡಿಯಂ ಬೈಕಾರ್ಬೊನೇಟ್ ಕೊಟ್ಟು, ಮೂತ್ರದಿಂದ ಅವುಗಳನ್ನು ಬೇರ್ಪಡಿಸಿ ತೊಳೆದು, ಗರ್ಭಾಶಯಕ್ಕೆ ಸೇರಿಸುತ್ತಾರೆ ಅಥವಾ ಐವಿಎಫ್‌ಗೆ ಬಳಸುತ್ತಾರೆ.

ನಿಮಿರುವಿಕೆಯ ತೊಂದರೆ ಮತ್ತು ಶೀಘ್ರಸ್ಖಲನ, ಈ ಎರಡರ ದಾರಿ ಬೇರೆ. ನಿಮಿರುವಿಕೆಯ ತೊಂದರೆಗೆ ಅಲ್ಲಿನ ಔಷಧಾಲಯದಲ್ಲಿ, ಫಾರ್ಮಾಸಿಸ್ಟರು ವಿಚಾರಿಸಿದ ಬಳಿಕ, 50 ಮಿಲಿಗ್ರಾಂ ಸಿಲ್ಡೆನಾಫಿಲ್ ಚೀಟಿಯಿಲ್ಲದೆಯೂ ಸಿಗುತ್ತದೆ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಅದನ್ನು ಮುಟ್ಟಲೇಬಾರದು. ಶೀಘ್ರಸ್ಖಲನವು ಗರ್ಭಧಾರಣೆಗೆ ಅಡ್ಡಿಯಾಗುವುದು ಯೋನಿಯನ್ನು ಪ್ರವೇಶಿಸುವ ಮೊದಲೇ ಸ್ಖಲನವಾದಾಗ ಮಾತ್ರ. ಅಂಥವರಿಗೆ ಸ್ಖಲನವನ್ನು ತಡಮಾಡುವ ಡ್ಯಾಪೊಕ್ಸೆಟಿನ್ ಮಾತ್ರೆ ಮತ್ತು ತಡೆಯುವ ಅಭ್ಯಾಸಗಳಿವೆ, ಅವೂ ಸಾಲದಾದರೆ ಸಂಗ್ರಹಿಸಿದ ವೀರ್ಯವನ್ನೇ ಗರ್ಭಾಶಯಕ್ಕೆ ಸೇರಿಸಬಹುದು.

ಐವಿಎಫ್ ವೆಚ್ಚವನ್ನು ಎನ್‌ಎಚ್‌ಎಸ್ ಎಷ್ಟರ ಮಟ್ಟಿಗೆ ಭರಿಸುತ್ತದೆಂಬುದು ಇಂಗ್ಲೆಂಡಿನಲ್ಲಿ ಊರಿನಿಂದ ಊರಿಗೆ ಬೇರೆ. ನಿಮ್ಮ ಪ್ರದೇಶದ ನಿಯಮವನ್ನು, ಅದರಲ್ಲೂ ಹೆಂಡತಿಯ ವಯಸ್ಸಿನ ಮಿತಿಯನ್ನು, ಮೊದಲ ಭೇಟಿಯಲ್ಲೇ ಜಿ.ಪಿ.ಯವರನ್ನು ಕೇಳಿಕೊಳ್ಳಿ.