ಟೆಂಡರ್‌ಗೆ ಕೊಟ್ಟ ಬ್ಯಾಂಕ್ ಗ್ಯಾರಂಟಿ: ಕಮಿಷನ್ ಒಂದು ಕಡೆ, ಮಾರ್ಜಿನ್ ಇನ್ನೊಂದು ಕಡೆ

2024ರ ಜೂನ್‌ನಲ್ಲಿ ನಾನು ನಮ್ಮ ಫರ್ಮಿನ ಹಿಂದಿನ ವರ್ಷದ ಲೆಕ್ಕ ಮುಗಿಸುತ್ತಿದ್ದೆ. ನಮ್ಮದು ದಾವಣಗೆರೆಯಲ್ಲಿ ಸಿವಿಲ್ ಕಂಟ್ರಾಕ್ಟ್ ಮಾಡುವ ಪಾಲುದಾರಿಕೆ ಸಂಸ್ಥೆ. ನಾನು ಅಲ್ಲಿಗೆ ಸೇರಿ ಮೂರು ತಿಂಗಳಾಗಿತ್ತು. ನಮ್ಮ ಹೆಸರಿನಲ್ಲಿ ಯಾರು ಎಷ್ಟು ತೆರಿಗೆ ಹಿಡಿದಿದ್ದಾರೆಂದು ತೋರಿಸುವ ಫಾರಂ 26ಎಎಸ್ ತೆಗೆದು, ಟ್ಯಾಲಿಯಲ್ಲಿದ್ದ ನಮ್ಮ ಲೆಕ್ಕದ ಜೊತೆ ಹೋಲಿಸಿ ನೋಡುವಾಗ ಒಂದು ಸಾಲು ಮಾತ್ರ ಎಲ್ಲೂ ಕೂರಲಿಲ್ಲ. ಬ್ಯಾಂಕು ನಮಗೆ 8,827 ರೂಪಾಯಿ ಬಡ್ಡಿ ಕೊಟ್ಟಿದೆ, ಅದರ ಮೇಲೆ 883 ರೂಪಾಯಿ ಟಿಡಿಎಸ್ ಹಿಡಿದಿದೆ ಎಂದು ಅಲ್ಲಿತ್ತು. ಬೇರೆ ಎಫ್‌ಡಿಗಳ ಬಡ್ಡಿಯೆಲ್ಲ ತಾಳೆಯಾಗಿತ್ತು. ಈ ಬಡ್ಡಿ ಬರಬೇಕಾದ ಎಫ್‌ಡಿಯೇ ನಮ್ಮ ಪುಸ್ತಕದಲ್ಲಿ ಇರಲಿಲ್ಲ.

ಕರೆಂಟ್ ಅಕೌಂಟಿನ ಸ್ಟೇಟ್‌ಮೆಂಟನ್ನು ತಿಂಗಳು ತಿಂಗಳು ನೋಡುತ್ತ ಹೋದೆ. ಡಿಸೆಂಬರ್ ಕೊನೆಗೆ 438 ರೂಪಾಯಿ, ಮಾರ್ಚ್ ಕೊನೆಗೆ 445 ರೂಪಾಯಿ ಕಡಿತವಾಗಿತ್ತು. ಎರಡನ್ನೂ ಬ್ಯಾಂಕ್ ಚಾರ್ಜಸ್ ಅಂತ ಬರೆದಿದ್ದರು. ಕೂಡಿದರೆ ಸರಿಯಾಗಿ 883. ಅಂದರೆ ಅದು ಚಾರ್ಜಲ್ಲ, ಯಾವುದೋ ಠೇವಣಿಯ ಬಡ್ಡಿಗೆ ಹಿಡಿದ ಟಿಡಿಎಸ್. ಇನ್ನೂ ಹಿಂದಕ್ಕೆ ಹೋದಾಗ 2023ರ ಅಕ್ಟೋಬರ್ ಮೊದಲ ವಾರದಲ್ಲಿ ಒಂದೇ ದಿನ ಎರಡು ಡೆಬಿಟ್ ಕಂಡವು, 2,50,000 ಮತ್ತು 47,200. ಎರಡೂ ‘ಟೆಂಡರ್ ಖರ್ಚು’ ಎಂಬ ಒಂದೇ ಲೆಡ್ಜರಿಗೆ ಹೋಗಿದ್ದವು.

ವಿಷಯ ಇಷ್ಟು. ಕುಡಿಯುವ ನೀರಿನ ಟ್ಯಾಂಕ್ ಮತ್ತು ಪೈಪ್‌ಲೈನ್‌ನ 2 ಕೋಟಿ ರೂಪಾಯಿಯ ಕೆಲಸ ನಮಗೆ ಸಿಕ್ಕಿತ್ತು. ಇಲಾಖೆ ಶೇ. 5ರಷ್ಟು, ಅಂದರೆ 10 ಲಕ್ಷದ ಭದ್ರತೆ ಕೇಳಿತ್ತು. ಅಷ್ಟು ನಗದು ಕಟ್ಟಿ ಕೂರುವ ಬದಲು ಯಜಮಾನರು ಬ್ಯಾಂಕ್ ಗ್ಯಾರಂಟಿ ಕೊಟ್ಟಿದ್ದರು, ಅಂದರೆ ನಾವು ತಪ್ಪಿದರೆ ಆ ದುಡ್ಡು ತಾನು ಕಟ್ಟುತ್ತೇನೆ ಎಂಬ ಬ್ಯಾಂಕಿನ ಪತ್ರ. ಕೆಲಸಕ್ಕೆ ಒಂಬತ್ತು ತಿಂಗಳು, ಆಮೇಲೆ ದೋಷ ಸರಿಪಡಿಸುವ ಹೊಣೆಯ ಒಂದು ವರ್ಷ, ಅದರ ಮೇಲೆ ಮೂರು ತಿಂಗಳ ಕ್ಲೇಮ್ ಅವಧಿ, ಹೀಗೆ ಒಟ್ಟು 24 ತಿಂಗಳು. ಬ್ಯಾಂಕು ತನ್ನ ಭದ್ರತೆಗೆಂದು ಅದರ ಶೇ. 25ನ್ನು ಮಾರ್ಜಿನ್ ಆಗಿ ಕೇಳಿತು. ಆ 2.5 ಲಕ್ಷವನ್ನು ನಮ್ಮ ಹೆಸರಿನಲ್ಲೇ ಎಫ್‌ಡಿ ಮಾಡಿ ಗ್ಯಾರಂಟಿ ಮುಗಿಯುವವರೆಗೆ ನಾವು ಮುರಿಸದಂತೆ ಅದರ ಮೇಲೆ ಲೀನ್ ಹಾಕಿಕೊಂಡಿತು. ಮಿಕ್ಕ 7.5 ಲಕ್ಷಕ್ಕೆ ಮೊದಲೇ ಅಡವಿಟ್ಟಿದ್ದ ಸೈಟು ಆಧಾರ. ಕಮಿಷನ್ ವರ್ಷಕ್ಕೆ ಶೇ. 2, ಎರಡು ವರ್ಷದ್ದನ್ನೂ ಮುಂಗಡವಾಗಿ ಹಿಡಿದರು. ಅದು 40,000, ಜಿಎಸ್‌ಟಿ 7,200, ಒಟ್ಟು 47,200.

ಯಜಮಾನರಿಗೆ ಹೇಳಿದಾಗ ಅವರು ಸಹಜವಾಗಿಯೇ ಕೇಳಿದರು: “ನೋಡಮ್ಮ, ಟೆಂಡರ್‌ಗೋಸ್ಕರ ಬ್ಯಾಂಕಿಗೆ ಹೋದ ದುಡ್ಡು ಅದು. ಖರ್ಚಲ್ಲದೆ ಇನ್ನೇನು?”

“ಸರ್, ಕೆಲಸ ಮುಗಿದು ಗ್ಯಾರಂಟಿ ವಾಪಸ್ ಬಂದ ದಿನ ಇದರಲ್ಲಿ ಯಾವ ದುಡ್ಡು ನಿಮ್ಮ ಕೈಗೆ ಬರುತ್ತೆ?” ಅಂದೆ.

“ಎರಡೂವರೆ ಲಕ್ಷ ಬರಬೇಕು, ಬಡ್ಡಿ ಸಮೇತ.”

“ಹಾಗಾದ್ರೆ ಅದು ಹೋದ ದುಡ್ಡಲ್ಲ ಸರ್, ಕಟ್ಟಿಹಾಕಿದ ದುಡ್ಡು. ಹೋಗಿದ್ದು ಕಮಿಷನ್ ಮಾತ್ರ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎಫ್‌ಡಿ ರಸೀದಿ ಎಲ್ಲಿದೆ ಹುಡುಕು ಅಂದರು. ಟೆಂಡರ್ ಫೈಲಿನಲ್ಲಿ, ಗ್ಯಾರಂಟಿಯ ಜೆರಾಕ್ಸ್ ಹಿಂದೆ ಪಿನ್ ಹೊಡೆದು ಇಟ್ಟಿದ್ದರು. ಅದರ ಮೇಲೆ ಲೀನ್‌ನ ಸೀಲು ಇತ್ತು.

ಮೊದಲು ಮಾರ್ಜಿನ್ ಸರಿ ಮಾಡಿದೆ. 2,50,000ವನ್ನು ಖರ್ಚಿನಿಂದ ತೆಗೆದು, ಡೆಪಾಸಿಟ್ಸ್ ಗುಂಪಿನಡಿ ‘ಬಿಜಿ ಮಾರ್ಜಿನ್ ಎಫ್‌ಡಿ’ ಎಂಬ ಬೇರೆಯೇ ಲೆಡ್ಜರ್ ಮಾಡಿದೆ. ಅದರ ಹೆಸರಿನಲ್ಲೇ ಗ್ಯಾರಂಟಿ ನಂಬರ್ ಮತ್ತು ಕೆಲಸದ ಹೆಸರು ಸೇರಿಸಿದೆ. ಮಾಮೂಲಿ ಎಫ್‌ಡಿಗಳ ಜೊತೆ ಬೆರೆಸದೆ ಇಡಲು ಕಾರಣವಿದೆ. ಈ ದುಡ್ಡು ನಮ್ಮದೇ ಆದರೂ ಸಂಬಳದ ದಿನ ಇದನ್ನು ಮುರಿಸಲು ಆಗುವುದಿಲ್ಲ. ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ಇದನ್ನು ಸೇರಿಸಿ ತೋರಿಸಿದರೆ ಫರ್ಮಿನ ಕೈಯಲ್ಲಿ ಇಲ್ಲದ ದುಡ್ಡು ಇದ್ದಂತೆ ಕಾಣುತ್ತದೆ. ಕಂಪನಿಗಳಿಗಂತೂ ಮಾರ್ಜಿನ್ ಆಗಿ ಹಿಡಿದಿಟ್ಟ ಬ್ಯಾಂಕ್ ಶಿಲ್ಕನ್ನು ಪ್ರತ್ಯೇಕವಾಗಿ ತೋರಿಸಬೇಕೆಂದು ಕಂಪನಿ ಕಾಯ್ದೆಯ ಶೆಡ್ಯೂಲ್ 3 ಹೇಳುತ್ತದೆ. ನಮ್ಮದು ಕಂಪನಿಯಲ್ಲ, ಆದರೂ ನಾನು ಅದೇ ಕ್ರಮ ಅನುಸರಿಸಿದೆ.

ಇನ್ನು ಅದರ ಬಡ್ಡಿ. ಶೇ. 7ರ ಕ್ಯುಮುಲೇಟಿವ್ ಎಫ್‌ಡಿ ಅದು, ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತದೆ. ಡಿಸೆಂಬರ್‌ಗೆ 4,375, ಮಾರ್ಚ್‌ಗೆ 4,452, ಕೂಡಿದರೆ 8,827. ಕೈಗೆ ಬಂದಿಲ್ಲ, ಎರಡು ವರ್ಷದ ಮೇಲೆ ಬರುತ್ತದೆ ಎಂದು ಬಿಡುವ ಹಾಗಿಲ್ಲ. ನಮ್ಮ ಲೆಕ್ಕ ಮರ್ಕಂಟೈಲ್ ಪದ್ಧತಿಯದು, ಆಯಾ ವರ್ಷ ಹುಟ್ಟಿದ ಬಡ್ಡಿ ಆಯಾ ವರ್ಷದ ಆದಾಯ. ಬ್ಯಾಂಕು ವರ್ಷವರ್ಷವೂ ಟಿಡಿಎಸ್ ಹಿಡಿದು ಇಲಾಖೆಗೆ ವರದಿ ಕೊಟ್ಟೇ ಇರುತ್ತದೆ. ನಮ್ಮ ಬೇರೆ ಎಫ್‌ಡಿಗಳೂ ಸೇರಿ ಮಿತಿ ದಾಟಿದ್ದರಿಂದ ಇದಕ್ಕೂ ಶೇ. 10 ಹಿಡಿದಿದ್ದರು, ಅದನ್ನು ಕರೆಂಟ್ ಅಕೌಂಟಿನಿಂದ ಎಳೆದುಕೊಂಡಿದ್ದರು. ಹಾಗಾಗಿ 8,827 ಎಫ್‌ಡಿಗೆ ಡೆಬಿಟ್, ಬಡ್ಡಿ ಆದಾಯಕ್ಕೆ ಕ್ರೆಡಿಟ್. ಬ್ಯಾಂಕ್ ಚಾರ್ಜಸ್‌ನಲ್ಲಿದ್ದ 883 ಅನ್ನು ಟಿಡಿಎಸ್ ಬರಬೇಕಾದದ್ದಕ್ಕೆ ವರ್ಗಾಯಿಸಿದೆ. ಈ ಬಡ್ಡಿಯನ್ನು ಕೆಲಸದ ವೆಚ್ಚದಿಂದ ಕಳೆದು ತೋರಿಸುವವರನ್ನು ನೋಡಿದ್ದೇನೆ, ನನಗದು ಸರಿ ಕಾಣುವುದಿಲ್ಲ. 26ಎಎಸ್‌ನಲ್ಲಿ ಬಡ್ಡಿ ಎಂದು ಬಂದದ್ದು ನಮ್ಮ ಲೆಕ್ಕದಲ್ಲೂ ಬಡ್ಡಿ ಎಂದೇ ಎದ್ದು ಕಾಣಬೇಕು.

ಕಮಿಷನ್‌ನ 47,200ರಲ್ಲಿ ಎರಡು ಕೆಲಸ ಬಾಕಿಯಿತ್ತು. ಮೊದಲನೆಯದು ಜಿಎಸ್‌ಟಿ. ನಮ್ಮ ಜಿಎಸ್‌ಟಿ ನಂಬರನ್ನು ಬ್ಯಾಂಕ್ ಖಾತೆಗೆ ಜೋಡಿಸಿಯೇ ಇದ್ದರು, ಆದ್ದರಿಂದ ನಮಗೆ ಸಿಗುವ ಜಿಎಸ್‌ಟಿ ಕ್ರೆಡಿಟ್ ತೋರಿಸುವ ಅಕ್ಟೋಬರ್ ತಿಂಗಳ 2ಬಿಯಲ್ಲಿ 7,200 ಬಂದು ಕೂತಿತ್ತು. ಪೂರ್ತಿ ಮೊತ್ತವನ್ನು ಖರ್ಚಿಗೆ ಬರೆದಿದ್ದರಿಂದ ಯಾರೂ ಅದನ್ನು ತೆಗೆದುಕೊಂಡಿರಲಿಲ್ಲ. 2023-24ರ ಇನ್‌ಪುಟ್ ಕ್ರೆಡಿಟ್ ಪಡೆಯಲು 2024ರ ನವೆಂಬರ್ 30ರವರೆಗೆ ಅವಕಾಶವಿತ್ತು, ಜೂನ್ ತಿಂಗಳ 3ಬಿ ರಿಟರ್ನಿನಲ್ಲಿ ತೆಗೆದುಕೊಂಡೆ. ಬ್ಯಾಂಕಿನವರು ಪ್ರತಿ ಚಾರ್ಜಿಗೂ ಬೇರೆ ಬೇರೆ ಬಿಲ್ ಕೊಡಬೇಕೆಂದಿಲ್ಲ, ತಿಂಗಳಿಗೊಂದು ಒಟ್ಟು ಇನ್‌ವಾಯ್ಸ್ ಅಥವಾ ಸ್ಟೇಟ್‌ಮೆಂಟ್ ಕೊಟ್ಟರೂ ನಿಯಮದ ಪ್ರಕಾರ ನಡೆಯುತ್ತದೆ. ಅದನ್ನು ಕೇಳಿ ತರಿಸಿ ಫೈಲಿಗೆ ಹಾಕಿದೆ.

ಎರಡನೆಯದು 40,000ವನ್ನು ವರ್ಷಗಳಿಗೆ ಹಂಚುವುದು. ಬ್ಯಾಂಕು ಒಂದೇ ದಿನ ಹಿಡಿದುಕೊಂಡರೂ ಅದು 24 ತಿಂಗಳ ಸೇವೆಯ ಬೆಲೆ. 2024ರ ಮಾರ್ಚ್ 31ಕ್ಕೆ ಕಳೆದದ್ದು ಆರು ತಿಂಗಳು.

```
2023-24 :  40,000 × 6 ÷ 24  = 10,000
2024-25 :  40,000 × 12 ÷ 24 = 20,000
2025-26 :  40,000 × 6 ÷ 24  = 10,000
```

ಮೊದಲ ವರ್ಷಕ್ಕೆ 10,000 ಖರ್ಚು, 30,000 ಮುಂಗಡ ಪಾವತಿಸಿದ ವೆಚ್ಚವೆಂದು ಆಸ್ತಿ ಬದಿಯಲ್ಲಿ. ಗ್ಯಾರಂಟಿ ಕಮಿಷನ್ನನ್ನು ನಾನು ಪೆಟ್ರೋಲು, ಸ್ಟೇಷನರಿ ಇರುವ ಸಾಮಾನ್ಯ ಖರ್ಚಿಗೆ ಹಾಕದೆ ಆ ಕೆಲಸದ ಕಾಸ್ಟ್ ಸೆಂಟರಿಗೇ ಹಾಕುತ್ತೇನೆ. ಮುಂದಿನ ಟೆಂಡರ್‌ಗೆ ರೇಟು ಹಾಕುವಾಗ 2 ಕೋಟಿಯ ಕೆಲಸಕ್ಕೆ ಗ್ಯಾರಂಟಿಯಿಂದ 40,000 ಬಿತ್ತು ಎಂದು ಯಜಮಾನರಿಗೆ ಕಾಣಬೇಕು. ಈ ಕಮಿಷನ್ ಮೇಲೆ ನಾವು ಟಿಡಿಎಸ್ ಹಿಡಿಯಬೇಕೇ ಎಂದು ಆಡಿಟರ್ ಆಫೀಸಿನ ಹುಡುಗ ಕೇಳಿದ. ಬೇಕಿಲ್ಲ. ಆಗಿನ ಆದಾಯ ತೆರಿಗೆ ಕಾಯ್ದೆಯ 194ಎಚ್ ಸೆಕ್ಷನ್ನಿನಲ್ಲಿ ಕಮಿಷನ್ ಎಂಬ ಪದವಿದ್ದರೂ, ಬ್ಯಾಂಕಿಗೆ ಕೊಡುವ ಗ್ಯಾರಂಟಿ ಕಮಿಷನ್‌ಗೆ 2013ರ ಜನವರಿ 1ರಿಂದ ವಿನಾಯಿತಿ ಕೊಟ್ಟ ಅಧಿಸೂಚನೆಯಿತ್ತು.

ಇಷ್ಟಾದ ಮೇಲೆ ಆ 10 ಲಕ್ಷ ಎಲ್ಲಿ ಬರಬೇಕು ಎಂಬ ಪ್ರಶ್ನೆ ಉಳಿಯಿತು. ಹಿಂದಿನ ಕೆಲಸವೊಂದರಲ್ಲಿ ಯಾರೋ ಗ್ಯಾರಂಟಿಯ ಪೂರ್ತಿ ಮೊತ್ತವನ್ನು ಇಲಾಖೆಯಲ್ಲಿಟ್ಟ ಭದ್ರತಾ ಠೇವಣಿ ಎಂದು ಆಸ್ತಿ ಬದಿಗೆ ಬರೆದು, ಎದುರಿಗೆ ಬ್ಯಾಂಕಿಗೆ ಕೊಡಬೇಕಾದ ಸಾಲವೆಂದು ತೋರಿಸಿದ್ದರು. ಅದೂ ತಪ್ಪು. ಇಲಾಖೆಗೆ ನಾವು ಕೊಟ್ಟದ್ದು ಕಾಗದ, ದುಡ್ಡಲ್ಲ. ಬ್ಯಾಂಕೂ ನಮಗೆ ಇನ್ನೂ ಒಂದು ರೂಪಾಯಿ ಕೊಟ್ಟಿಲ್ಲ. ಆದ್ದರಿಂದ 10 ಲಕ್ಷ ಬ್ಯಾಲೆನ್ಸ್ ಶೀಟಿನ ಒಳಗೆ ಬರುವುದಿಲ್ಲ, ಸಂಭಾವ್ಯ ಹೊಣೆ ಎಂದು ಟಿಪ್ಪಣಿಯಲ್ಲಿ ಬರುತ್ತದೆ. ಅಲ್ಲಿ ಮಾರ್ಜಿನ್ ಕಳೆದು 7.5 ಲಕ್ಷ ಬರೆಯದೆ ಪೂರ್ತಿ 10 ಲಕ್ಷ ಬರೆಯುತ್ತೇನೆ, ಇಲಾಖೆ ಕೇಳಬಹುದಾದದ್ದು ಅಷ್ಟು. ಬಿಲ್ಲಿನಲ್ಲಿ ಇಲಾಖೆ ಹಿಡಿದುಕೊಳ್ಳುವ ಎಫ್‌ಎಸ್‌ಡಿ ಎಂಬ ಹೆಚ್ಚುವರಿ ಭದ್ರತಾ ಠೇವಣಿ ಬೇರೆ ಮಾತು. ಅದು ನಮ್ಮದೇ ದುಡ್ಡು ಅವರ ಬಳಿ ಇರುವುದು, ಅದು ನಿಜವಾದ ಆಸ್ತಿ.

ಕೆಲಸ ಬಿಟ್ಟುಹೋಗಿ ಇಲಾಖೆ ಗ್ಯಾರಂಟಿಯನ್ನು ಮುಟ್ಟುಗೋಲು ಹಾಕಿಕೊಂಡರೆ ಮಾತ್ರ ಈ ಚಿತ್ರ ಬದಲಾಗುತ್ತದೆ. ಬ್ಯಾಂಕು 10 ಲಕ್ಷ ಕಟ್ಟಿ, ಎಫ್‌ಡಿಯನ್ನು ಜಮಾ ಹಾಕಿಕೊಂಡು, ಮಿಕ್ಕದ್ದನ್ನು ನಮ್ಮ ಮೇಲೆ ಸಾಲವಾಗಿ ನಿಲ್ಲಿಸುತ್ತದೆ. ಮಾರ್ಜಿನ್ ದುಡ್ಡು ನಷ್ಟವಾಗುವುದು ಆ ದಿನ, ಕಟ್ಟಿದ ದಿನವಲ್ಲ.

ಎಲ್ಲ ಸರಿಮಾಡಿದ ಮೇಲೆ ಹಳೆಯ ಲೆಕ್ಕಕ್ಕೂ ಹೊಸದಕ್ಕೂ ಲಾಭದಲ್ಲಿ ಎಷ್ಟು ವ್ಯತ್ಯಾಸ ಎಂದು ತೆಗೆದೆ. ಖರ್ಚಿಗೆ ಹೋಗಿದ್ದು 2,98,083, ಹೋಗಬೇಕಾದದ್ದು 10,000. ಬಿಟ್ಟುಹೋದ ಬಡ್ಡಿ ಸೇರಿಸಿ ಲಾಭ 2,96,910 ಹೆಚ್ಚಾಯಿತು. ಫರ್ಮಿಗೆ ಸೆಸ್ ಸೇರಿ ಶೇ. 31.2ರಂತೆ ತೆರಿಗೆ ಸುಮಾರು 92,600. ಯಜಮಾನರಿಗೆ ಇದು ಬೇಸರವಾಯಿತು, ನನಗೂ ಹೇಳಲು ಸುಲಭವಿರಲಿಲ್ಲ. ಆದರೆ ರಿಟರ್ನ್ ಇನ್ನೂ ಹೋಗಿರಲಿಲ್ಲ, ವೋಚರ್ ತಿದ್ದಿದರೆ ಸಾಕಿತ್ತು. ಹೋಗಿದ್ದರೆ ರಿವೈಸ್ಡ್ ರಿಟರ್ನ್ ಹಾಕಬೇಕಿತ್ತು, ಅದಕ್ಕೆ ಆ ವರ್ಷದ ಡಿಸೆಂಬರ್ 31 ಕೊನೆ.

ಅದೇ ವರ್ಷ ನಮಗೆ ಸಿಗದೆ ಹೋದ ಇನ್ನೊಂದು ಟೆಂಡರ್‌ಗೂ ಟೆಂಡರ್ ಹಾಕುವಾಗ ಕಟ್ಟುವ ಇಎಂಡಿ ಠೇವಣಿಯ ಬದಲು ಸಣ್ಣ ಗ್ಯಾರಂಟಿ ಕೊಟ್ಟಿದ್ದೆವು. ಅದರ ಮಾರ್ಜಿನ್ ಎರಡು ತಿಂಗಳಲ್ಲಿ ವಾಪಸ್ ಬಂತು, ಕಮಿಷನ್ ಬರಲಿಲ್ಲ. ಮುಂದಕ್ಕೆ ಒಯ್ಯಲು ಕೆಲಸವೇ ಇಲ್ಲದ್ದರಿಂದ ಅದನ್ನು ಪೂರ್ತಿ ಅದೇ ವರ್ಷದ ಖರ್ಚಿಗೆ ಹಾಕಿದೆ.

2025ರ ಅಕ್ಟೋಬರ್‌ನಲ್ಲಿ 10 ಲಕ್ಷದ ಗ್ಯಾರಂಟಿಯ ಅವಧಿ ಮುಗಿಯಿತು. ಎಫ್‌ಡಿ 2,87,220 ಆಗಿತ್ತು, ಆದರೆ ಬ್ಯಾಂಕು ತಕ್ಷಣ ಕೊಡಲಿಲ್ಲ. ಮೂಲ ಗ್ಯಾರಂಟಿ ಪತ್ರವನ್ನೂ ಇನ್ನೇನೂ ಬಾಕಿಯಿಲ್ಲ ಎಂಬ ಇಲಾಖೆಯ ಪತ್ರವನ್ನೂ ತಂದುಕೊಡಿ, ಲೀನ್ ತೆಗೆಯುತ್ತೇವೆ ಅಂದರು. ಮೂಲ ಪತ್ರ ಇಂಜಿನಿಯರ್ ಕಚೇರಿಯ ಬೀರುವಿನಲ್ಲಿತ್ತು, ಕೈಗೆ ಸಿಗಲು ಐದು ವಾರ ಹಿಡಿಯಿತು. ದುಡ್ಡು ಕರೆಂಟ್ ಅಕೌಂಟಿಗೆ ಬಂದ ದಿನ 2,87,220 ಬ್ಯಾಂಕಿಗೆ ಡೆಬಿಟ್ ಮಾಡಿ ಮಾರ್ಜಿನ್ ಲೆಡ್ಜರಿಗೆ ಕ್ರೆಡಿಟ್ ಕೊಟ್ಟೆ. ಅಷ್ಟರಲ್ಲಿ 37,220 ಬಡ್ಡಿ ಮೂರು ವರ್ಷಗಳಲ್ಲಿ ಹಂಚಿ ಆದಾಯಕ್ಕೆ ಸೇರಿಯಾಗಿತ್ತು, ಹಾಗಾಗಿ ಅಂದು ಲಾಭಕ್ಕೆ ಒಂದು ರೂಪಾಯಿಯೂ ಸೇರಲಿಲ್ಲ, ಲೆಡ್ಜರ್ ಸೊನ್ನೆಗೆ ನಿಂತಿತು. ಅವಧಿ ಮುಗಿದ ಮೇಲಿನ ಐದು ವಾರಕ್ಕೆ ಬ್ಯಾಂಕು ಕೊಟ್ಟ ಅಲ್ಪ ಬಡ್ಡಿಯನ್ನು ಬೇರೆ ಸಾಲಿನಲ್ಲಿ ಬರೆದೆ.