ರದ್ದತಿಯ ಸಂದೇಶದಿಂದ ‘ನಾಳೆ’ಯನ್ನು ತೆಗೆದುಹಾಕಿದೆ

ದಾವಣಗೆರೆಯ ನಮ್ಮ ಕ್ಲಿನಿಕ್ಕಿಗೆ ಅರ್ಧಕ್ಕಿಂತ ಹೆಚ್ಚು ರೋಗಿಗಳು ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಬೆಳಗಿನ ಬಸ್ಸು ಹತ್ತಿ ಬರುತ್ತಾರೆ. ಡಾಕ್ಟರು ಇಲ್ಲದ ದಿನ ನಮ್ಮ ಸ್ವಾಗತಕಾರಿಣಿ ಕಳುಹಿಸುತ್ತಿದ್ದ ಸಂದೇಶ ಇಷ್ಟೇ: ‘ನಾಳೆ ಡಾಕ್ಟರ್ ಇಲ್ಲ. ಬರಬೇಡಿ. ಆಮೇಲೆ ತಿಳಿಸುತ್ತೇವೆ.’ ರಾತ್ರಿ ಕಳುಹಿಸಿದ್ದನ್ನು ಊರಿನವರು ಬೆಳಿಗ್ಗೆ ನೋಡುತ್ತಿದ್ದರು. ಅವರ ಲೆಕ್ಕದಲ್ಲಿ ‘ನಾಳೆ’ ಎಂದರೆ ಓದಿದ ದಿನದ ಮರುದಿನ. ಹಾಗಾಗಿ ಅಂದೇ ಹೊರಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಬಸ್ಸಿನ ದುಡ್ಡು, ಒಂದು ದಿನದ ಕೂಲಿ ಎರಡೂ ಹೋದವರ ಸಿಟ್ಟು ನ್ಯಾಯವಾದದ್ದೇ.

ನಾನು ಬರೆದುಕೊಟ್ಟದ್ದು ಹೀಗಿತ್ತು: ‘14ನೇ ತಾರೀಖು, ಮಂಗಳವಾರ ವೈದ್ಯರು ಇರುವುದಿಲ್ಲ. ಅಂದಿನ ನಿಮ್ಮ ಭೇಟಿ ರದ್ದಾಗಿದೆ. ಬದಲಿಗೆ 16, ಗುರುವಾರ ಬೆಳಿಗ್ಗೆ 10:30ಕ್ಕೆ ದಯವಿಟ್ಟು ಬನ್ನಿ. ಆ ದಿನ ಆಗದಿದ್ದರೆ ಕೆಳಗಿನ ಸಂಖ್ಯೆಗೆ ಕರೆ ಮಾಡಿ. ತೊಂದರೆಗೆ ಕ್ಷಮಿಸಿ.’

‘ಇಷ್ಟುದ್ದ ಯಾರು ಓದುತ್ತಾರೆ, ದುಡ್ಡು ದಂಡ’ ಎಂದರು ಡಾಕ್ಟರು. ದುಡ್ಡಿನ ಮಾತು ಸುಳ್ಳಲ್ಲ. ಕನ್ನಡದ ಎಸ್‌ಎಂಎಸ್ 70 ಅಕ್ಷರ ದಾಟಿದರೆ 67ರಂತೆ ತುಂಡಾಗುತ್ತದೆ, ಪ್ರತಿ ತುಂಡಿಗೂ ಬೇರೆ ಹಣ. ಗುಣಿತದ ಚಿಹ್ನೆ, ಒತ್ತು ಎಲ್ಲವೂ ಎಣಿಕೆಗೆ ಸೇರುತ್ತವೆ: ‘ಡಾಕ್ಟರ್’ ಒಂದೇ ಏಳು ಅಕ್ಷರ ತಿನ್ನುತ್ತದೆ. ಕ್ಲಿನಿಕ್ಕಿನ ಹೆಸರು, ಫೋನ್ ಸಂಖ್ಯೆ ಸೇರಿ ನನ್ನದು ನಾಲ್ಕು ತುಂಡಾಯಿತು. ತುಂಡಿಗೆ ಇಪ್ಪತ್ತು ಪೈಸೆಯ ಆಸುಪಾಸು ಎಂದರೂ ನಲವತ್ತು ರೋಗಿಗಳಿಗೆ ಮೂವತ್ತು ರೂಪಾಯಿ ಚಿಲ್ಲರೆ. ಅದಕ್ಕಿಂತ ಹೆಚ್ಚು ಒಬ್ಬ ರೋಗಿಯ ಬಸ್ಸಿಗೇ ಆಗುತ್ತದೆ.

ಉಳಿತಾಯಕ್ಕೆಂದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಸಿಯೂ ನೋಡಿದೆವು. ಅಲ್ಲಿ 160 ಅಕ್ಷರದವರೆಗೆ ಒಂದೇ ಸಂದೇಶ. ಆದರೆ ವಯಸ್ಸಾದವರಿಗೆ ಓದಲಾಗದೆ, ಏನೆಂದು ಕೇಳಲು ಬಂದ ಕರೆಗಳೇ ಅರ್ಧ ದಿನ ನುಂಗಿದವು. ಅಲ್ಲಿಗೇ ಬಿಟ್ಟೆವು.

ಇನ್ನೊಂದು ತೊಡಕು, ಸಂದೇಶದ ಮಾದರಿಯನ್ನು ಮೊಬೈಲ್ ಕಂಪನಿಗಳಲ್ಲಿ ಮೊದಲೇ ನೋಂದಾಯಿಸುವ ವ್ಯವಸ್ಥೆಯಾದ ಡಿಎಲ್‌ಟಿಯದು. ಅನುಮೋದನೆ ಪಡೆದ ಮಾದರಿಯಲ್ಲಿ ಬದಲಾಗುವ ಮಾತಿಗೆಂದು ಖಾಲಿ ಬಿಟ್ಟ ಜಾಗದಲ್ಲಿ ಮಾತ್ರ ತಾರೀಖು, ವಾರ, ಸಮಯ ತುಂಬಬಹುದು. ಒಮ್ಮೆ ಸ್ವಾಗತಕಾರಿಣಿ ಒಳ್ಳೆಯ ಮನಸ್ಸಿನಿಂದಲೇ ‘ದಯವಿಟ್ಟು’ವನ್ನು ‘ದಯಮಾಡಿ’ ಮಾಡಿದಳು. ಒಂದು ಸಂದೇಶವೂ ತಲುಪಲಿಲ್ಲ. ಈಗ ಹಣ ಕಡಿತವಾದ ಮಾತ್ರಕ್ಕೆ ಸಂದೇಶ ತಲುಪಿತೆಂದು ನಂಬುವುದಿಲ್ಲ, ತಲುಪಿದ ವರದಿ ನೋಡಿ, ತಲುಪದವರಿಗೆ ಕರೆ ಮಾಡಿಸುತ್ತೇನೆ.

ಕಾಯಿಲೆಯ ಹೆಸರು, ಪರೀಕ್ಷೆಯ ಹೆಸರು ಸಂದೇಶದಲ್ಲಿ ಬರೆಯುವುದಿಲ್ಲ, ಮೊಬೈಲ್ ಹೆಚ್ಚಾಗಿ ಮಗನ ಅಥವಾ ಸೊಸೆಯ ಕೈಯಲ್ಲಿರುತ್ತದೆ. ಮೊದಲೇ ತಿಳಿದ ರಜೆಯಾದರೆ ಹಿಂದಿನ ದಿನ ಸಂಜೆ ಐದರೊಳಗೆ ಸಂದೇಶ ಹೋಗಿರಬೇಕು. ಈಗ ರದ್ದಾದ ದಿನ ಬಾಗಿಲಿಗೆ ಬರುವವರು ಒಬ್ಬರೋ ಇಬ್ಬರೋ. ಮೊದಲು ಹತ್ತಕ್ಕೆ ಕಡಿಮೆ ಇರುತ್ತಿರಲಿಲ್ಲ. ಬದಲಿ ದಿನಕ್ಕೂ ಬಾರದವರನ್ನು ಕರೆಸುವ ಒಂದು ಸಾಲನ್ನೂ ಸಿದ್ಧಪಡಿಸಿದ್ದೇನೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಉದ್ದವಾಯಿತು ಎಂದಿದ್ದ ಡಾಕ್ಟರು ಹೋದ ತಿಂಗಳು ಪಕ್ಕದ ಕ್ಲಿನಿಕ್ಕಿನವರಿಗೆ ಇದೇ ಮಾದರಿಯನ್ನು ಕೊಡಿಸಿದರು.