86 ಸ್ಲೈಡ್‌ನಿಂದ ಒಂದು ಹಾಳೆಗೆ: ನನ್ನ ಅನುಭವ

"ಆರು ಗಂಟೆ ಹೇಳೋದನ್ನ ಒಂದು ಪುಟದಲ್ಲಿ ಹೇಗೆ ಹಿಡಿಸ್ತೀರಿ ರೀ?" ಅಂತ ನಮ್ಮ ಎಚ್‌ಆರ್ ಹೆಡ್ ಮೇಡಂ ಕೇಳಿದ್ದರು. ಮೀಟಿಂಗ್‌ನಲ್ಲಿದ್ದ ಉಳಿದವರು ನಕ್ಕರು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮಾಡಿದ ಆ ಒಂದು ಪುಟದ ಚೆಕ್‌ಲಿಸ್ಟ್ ಈಗ ಹತ್ತು ತಿಂಗಳಿಂದ ಓಡುತ್ತಿದೆ. ನಕ್ಕವರಲ್ಲಿ ಇಬ್ಬರು ತಮ್ಮ ಟೀಮಿಗೂ ಒಂದು ಮಾಡಿಕೊಡಿ ಅಂತ ಬಂದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಆನ್‌ಬೋರ್ಡಿಂಗ್ ಡೆಕ್ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ನಮ್ಮದು 86 ಸ್ಲೈಡ್. ಪ್ರತಿ ವರ್ಷ ಯಾರೋ ಒಬ್ಬರು ನಾಲ್ಕು ಸ್ಲೈಡ್ ಸೇರಿಸುತ್ತಿದ್ದರು, ಒಂದನ್ನೂ ತೆಗೆದವರಿಲ್ಲ. ಹೊಸಬರು ಮೊದಲ ದಿನ ಪೂರ್ತಿ ಕೂತು ಕೇಳುತ್ತಿದ್ದರು. ಎರಡನೇ ದಿನ ಬಂದು "ವಿಪಿಎನ್ ಹೇಗೆ ಹಾಕಿಕೊಳ್ಳೋದು?" ಅಂತ ಕೇಳುತ್ತಿದ್ದರು. ಅದು 52ನೇ ಸ್ಲೈಡ್‌ನಲ್ಲೇ ಇತ್ತು.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. ಸ್ಲೈಡ್‌ಗಳ ಹೆಡ್ಡಿಂಗ್ ಎಲ್ಲಾ ತಂದು ಒಂದು ಪುಟಕ್ಕೆ ಸುರಿದೆ. ಅಕ್ಷರ ಏಳು ಪಾಯಿಂಟ್‌ಗೆ ಇಳಿಯಿತು. "ರಜೆ ನೀತಿ", "ಮಾಹಿತಿ ಸುರಕ್ಷತೆ", "ವೇತನ" ಅಂತ ಪಕ್ಕಪಕ್ಕದಲ್ಲಿ ಚೌಕ. ಒಬ್ಬ ಹುಡುಗ "ಮಾಹಿತಿ ಸುರಕ್ಷತೆ"ಗೆ ಟಿಕ್ ಹಾಕಿ ತಂದುಕೊಟ್ಟ. ಏನು ಮಾಡಿದೆ ಅಂತ ಕೇಳಿದೆ. "ಓದಿದೆ ಸರ್" ಅಂದ. ಅಲ್ಲಿಗೆ ಆ ಹಾಳೆ ಮುಗಿಯಿತು.

ಎರಡನೇ ಸಲ ಅವಮಾನ ಇನ್ನೂ ಜಾಸ್ತಿ. ಡೆಕ್‌ನ ಅಕ್ಷರಗಳನ್ನೆಲ್ಲ ಒಟ್ಟಿಗೆ ಹೊರತೆಗೆಯೋಣ ಅಂತ ಪವರ್‌ಪಾಯಿಂಟ್‌ನಲ್ಲಿ Save As ಕೊಟ್ಟು Outline/RTF ಆರಿಸಿದೆ. ಎರಡೇ ನಿಮಿಷದ ಕೆಲಸ. ಹಿಗ್ಗಿ ಅದರ ಮೇಲೇ ಹಾಳೆ ತಯಾರಿಸಿದೆ, 60 ಪ್ರತಿ ಲ್ಯಾಮಿನೇಟ್ ಕೂಡ ಮಾಡಿಸಿದೆ. ಆಮೇಲೆ ಪೇರೋಲ್‌ನವರು ಫೋನ್ ಮಾಡಿ, ಬ್ಯಾಂಕ್ ವಿವರ ಕೊಡುವ ಕೊನೆ ದಿನಾಂಕ ಎಲ್ಲಿ ಅಂತ ಕೇಳಿದರು. ಸ್ಲೈಡ್‌ನಲ್ಲಿ ಕೆಂಪು ಡಬ್ಬಿಯೊಳಗೆ ದಪ್ಪಗೆ ಇತ್ತು. ನನ್ನ ಫೈಲ್‌ನಲ್ಲಿ ಇರಲಿಲ್ಲ. ಆ ಎಕ್ಸ್‌ಪೋರ್ಟ್‌ನಲ್ಲಿ ಬರುವುದು ಲೇಔಟ್‌ನ ಪ್ಲೇಸ್‌ಹೋಲ್ಡರ್ ಒಳಗಿನ ಅಕ್ಷರ ಮಾತ್ರ. ಆಮೇಲೆ ಅಂಟಿಸಿದ ಟೆಕ್ಸ್ಟ್ ಬಾಕ್ಸ್ ಬರೋದಿಲ್ಲ, ಸ್ಪೀಕರ್ ನೋಟ್ಸೂ ಬರೋದಿಲ್ಲ. ಯೋಚನೆ ಮಾಡಿ: ಹಳೇ ಡೆಕ್‌ನಲ್ಲಿ ಆಮೇಲೆ ಅಂಟಿಸಿದ ಡಬ್ಬಿಯೇ ತಾನೇ ಮುಖ್ಯವಾದ ಮಾತು? ಯಾರೋ ಒಬ್ಬರು ಎಡವಿಬಿದ್ದ ಮೇಲೆ ತಾನೇ ಅದನ್ನು ಅಂಟಿಸಿರೋದು? 60 ಹಾಳೆ ಕಸದ ಬುಟ್ಟಿಗೆ ಹೋಯಿತು. ಬಿಲ್ ನೋಡಿ ಫೈನಾನ್ಸ್‌ನವರು ಏನೂ ಅನ್ನಲಿಲ್ಲ. ಆದರೆ ಮುಂದಿನ ನಾಲ್ಕು ತಿಂಗಳು ನನ್ನ ಪ್ರತಿ ಬಿಲ್ಲನ್ನೂ ಎರಡೆರಡು ಸಲ ಓದಿದರು.

ಈ ನಡುವೆ ಹೊರಗಿನ ಒಂದು ಟ್ರೇನಿಂಗ್ ಏಜೆನ್ಸಿಯನ್ನೂ ಕೇಳಿ ನೋಡಿದೆವು. ಹೆಚ್ಚು ಕಡಿಮೆ ನನ್ನ ಎರಡು ತಿಂಗಳ ಸಂಬಳದಷ್ಟು ಹೇಳಿದರು. ತೋರಿಸಿದ ಮಾದರಿ ಚೆಂದ ಇತ್ತು, ಐಕಾನ್ ಎಲ್ಲಾ ಇತ್ತು. ಆದರೆ ಅದೂ ಹೆಡ್ಡಿಂಗ್ ಪಟ್ಟಿಯೇ.

ಮೂರನೇ ಸಲ ಸ್ಲೈಡ್‌ಗಳನ್ನು ಒಂದೊಂದಾಗಿ ಕಣ್ಣಲ್ಲೇ ಓದಿದೆ. ಶೀಟ್‌ನಲ್ಲಿ ಸ್ಲೈಡಿಗೆ ಒಂದು ಸಾಲು. ಒಂದು ಕಾಲಮ್‌ನಲ್ಲಿ ಸ್ಲೈಡ್‌ನ ಮಾತು, ಪಕ್ಕದಲ್ಲಿ ನೋಟ್ಸ್, ಕೊನೆಯ D ಕಾಲಮ್‌ನಲ್ಲಿ ಮೂರರಲ್ಲಿ ಒಂದು ಪದ: ಮಾಡು, ತಿಳಿ, ಹುಡುಕು. ಈ ಸ್ಲೈಡ್ ನೋಡಿದ ಮನುಷ್ಯ ಮೊದಲ ತಿಂಗಳಲ್ಲಿ ಕೈಯಾರೆ ಏನಾದರೂ ಮಾಡಬೇಕಾ? ಹಾಗಾದರೆ ಮಾಡು. ಬೇಕಾದಾಗ ತೆಗೆದು ನೋಡಿದರೆ ಸಾಕಾ? ಹುಡುಕು. ಉಳಿದದ್ದು ತಿಳಿ. ಅನುಮಾನ ಬಂದರೆ ಮಾಡು ಅಂತ ಹಾಕಬೇಡಿ. "ಈ ಕೆಲಸ ಮಾಡದಿದ್ದರೆ ಯಾರು ಫೋನ್ ಮಾಡುತ್ತಾರೆ?" ಅಂತ ಕೇಳಿಕೊಳ್ಳಿ. ಯಾರೂ ಮಾಡೋದಿಲ್ಲ ಅಂದರೆ ಅದು ಮಾಡು ಅಲ್ಲ.

```
=COUNTIF(D2:D87,"ಮಾಡು")
```

23 ಬಂತು. 86ರಲ್ಲಿ 23! ಆ ಸಂಖ್ಯೆ ಹಿಡಿದುಕೊಂಡು ಮೇಡಂ ಹತ್ತಿರ ಹೋದೆ. ಅವರು ನಂಬಲಿಲ್ಲ. ತಾವೇ ಕೂತು ಹದಿನೈದು ಸ್ಲೈಡಿಗೆ ಪದ ಹಾಕಿದರು. ಒಂದೆರಡು ಕಡೆ ಬಿಟ್ಟರೆ ನನ್ನದಕ್ಕೇ ಹೊಂದಿತು.

ಆ 23 ಸ್ಲೈಡ್‌ನಿಂದ ಸುಮಾರು 31 ಕೆಲಸ ಹೊರಬಿತ್ತು. ಅದರಲ್ಲಿ ಒಂಬತ್ತು ಹೊಸಬರ ಕೆಲಸವೇ ಅಲ್ಲ. ಲ್ಯಾಪ್‌ಟಾಪ್ ತರಿಸೋದು, ಮೇಲ್ ಐಡಿ ಮಾಡಿಸೋದು, ಶೇರ್ಡ್ ಫೋಲ್ಡರ್‌ಗೆ ಪರ್ಮಿಷನ್ ಕೊಡಿಸೋದು, ಇವೆಲ್ಲ ಮ್ಯಾನೇಜರ್ ಮತ್ತು ಐಟಿಯವರದು. ಹೊಸಬರ ಹಾಳೆಯಲ್ಲಿ ಅವನ್ನು ಹಾಕಿದರೆ ಪಾಪ, ಅವರು ಕೈಕಟ್ಟಿ ಕಾಯುತ್ತಾರೆ. ಅವನ್ನು ತೆಗೆದು ಮ್ಯಾನೇಜರಿಗೆ ಬೇರೆ ಅರ್ಧ ಹಾಳೆ ಮಾಡಿದೆ. ಅದು ಸೇರುವ ದಿನಕ್ಕೆ ಐದು ದಿನ ಮೊದಲೇ ಅವರ ಕೈಗೆ ಹೋಗುತ್ತೆ. ಮ್ಯಾನೇಜರ್‌ಗಳು ಅದನ್ನು ತುಂಬುವಂತೆ ಹೇಗೆ ಮಾಡಿದೆ ಅನ್ನೋದನ್ನ ಇಲ್ಲಿ ಬರೆಯೋಲ್ಲ. ಅದು ನನ್ನ ಹತ್ತಿರವೇ ಇರಲಿ.

ಸಾಲು ಬರೆಯೋದೇ ನಿಜವಾದ ಕೆಲಸ. ಒಂದೇ ಸಾಲಿನ ಕಥೆ ಹೇಳುತ್ತೇನೆ. ಸಂಬಳದ ವಿಷಯ 41ರಿಂದ 47ರವರೆಗೆ ಏಳು ಸ್ಲೈಡ್. ಅದರಲ್ಲಿ ಹೊಸಬರು ಮಾಡಬೇಕಾದ್ದು ಒಂದೇ: ಬ್ಯಾಂಕ್ ವಿವರ ಪೋರ್ಟಲ್‌ಗೆ ಹಾಕೋದು. ನಾನು ಮೊದಲು ಬರೆದದ್ದು "ಬ್ಯಾಂಕ್ ವಿವರ ಸಲ್ಲಿಸಿ". ಆ ತಿಂಗಳು ಸೇರಿದ ಹನ್ನೆರಡೋ ಹದಿಮೂರೋ ಜನ ಎಲ್ಲರೂ ಟಿಕ್ ಹಾಕಿದರು. ಒಬ್ಬಳಿಗೆ ಸಂಬಳ ಬರಲಿಲ್ಲ. ಪೋರ್ಟಲ್ ತೆಗೆದು ನೋಡಿದರೆ ಅವಳ ಹೆಸರಿನ ಮುಂದೆ Submitted ಅಂತಲೇ ನಿಂತಿದೆ. ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿತ್ತು, ಪರಿಶೀಲನೆಯಲ್ಲಿ ಅಲ್ಲೇ ನಿಂತುಬಿಟ್ಟಿತ್ತು. ಅವಳ ಪ್ರಕಾರ ಕೆಲಸ ಮುಗಿದಿತ್ತು. ನನ್ನ ಹಾಳೆಯ ಪ್ರಕಾರವೂ ಮುಗಿದಿತ್ತು! ಅವತ್ತು ಅವಳ ಮುಂದೆ ಕೂತು ಸಾಲು ಬದಲಾಯಿಸಿದೆ:

"ಬ್ಯಾಂಕ್ ವಿವರ ಪೋರ್ಟಲ್‌ನಲ್ಲಿ ಹಾಕಿ, ತಾರೀಕು ____ ಒಳಗೆ. ಮುಗಿಯಿತು ಅಂದರೆ: Verified ಅಂತ ಕಾಣಬೇಕು. Submitted ಸಾಲದು."

ಅಲ್ಲಿಂದ ಪ್ರತಿ ಸಾಲಿಗೂ "ಮುಗಿಯಿತು ಅಂದರೆ" ಅಂತ ಒಂದು ಬಾಲ ಸೇರಿಸಿದೆ. ವಿಪಿಎನ್‌ಗೆ "ಮನೆ ನೆಟ್‌ನಿಂದ ಶೇರ್ಡ್ ಫೋಲ್ಡರ್ ತೆರೆಯಬೇಕು". ಮೇಲ್‌ಗೆ "ನಿಮ್ಮ ಮ್ಯಾನೇಜರ್ ಕಳಿಸಿದ ಮೇಲ್‌ಗೆ ಉತ್ತರ ಹೋಗಬೇಕು". ಬಾಲ ಬರೆಯೋಕೆ ಆಗದ ಸಾಲು ಇದ್ದರೆ ಅದು ಕೆಲಸ ಅಲ್ಲ, ಉಪದೇಶ. ಹಾಗೆ ನಾಲ್ಕು ಸಾಲು ಉದುರಿದವು. "ನಮ್ಮ ಮೌಲ್ಯಗಳನ್ನು ಅರಿತುಕೊಳ್ಳಿ" ಅನ್ನೋದು ಅದರಲ್ಲಿ ಒಂದು.

ತಾರೀಕು ಖಾಲಿ ಬಿಟ್ಟಿದ್ದು ಮರೆತು ಅಲ್ಲ. ಡೆಕ್‌ನಲ್ಲಿ 18 ಅಂತ ಇತ್ತು. 17ಕ್ಕೆ ಸೇರಿದವರಿಗೆ ಅದು ನಾಳೆ, 19ಕ್ಕೆ ಸೇರಿದವರಿಗೆ ನಿನ್ನೆ. "ಮೊದಲ ವಾರ" ಅಂತ ಬರೆದರೂ ಅದೇ ಕಥೆ. ಮ್ಯಾನೇಜರ್ ಪೆನ್ನಲ್ಲಿ ಬರೆದುಕೊಟ್ಟರೆ ಗೊಂದಲವೇ ಇಲ್ಲ.

ಇನ್ನು ಸಾಲುಗಳ ಕ್ರಮ. ಡೆಕ್ ಇಲಾಖೆ ಪ್ರಕಾರ ಇತ್ತು: ಎಚ್‌ಆರ್, ಫೈನಾನ್ಸ್, ಐಟಿ, ಸೆಕ್ಯೂರಿಟಿ. ನಾನೂ ಹಾಗೇ ಇಟ್ಟೆ. ಬೇರೆ ಟೀಮಿನ ಗೆಳೆಯನೊಬ್ಬನನ್ನು ಹೊಸಬನ ಹಾಗೆ ಕೂರಿಸಿ ಹಾಳೆ ಕೊಟ್ಟೆ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದೆ. ಮೂರನೇ ಸಾಲಿಗೇ ನಿಂತ. ಪೋರ್ಟಲ್ ತೆರೆಯೋಕೆ ಫೋನಿನಲ್ಲಿ ಎರಡನೇ ಹಂತದ ಲಾಗಿನ್ ಬೇಕು. ಅದಕ್ಕೆ ಕಂಪನಿ ಮೇಲ್ ಬೇಕು. ಮೇಲ್ ಇದ್ದದ್ದು ಹನ್ನೊಂದನೇ ಸಾಲಿನಲ್ಲಿ! ಪ್ರತಿ ಸಾಲನ್ನೂ ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರಡಿ, "ಇದಕ್ಕೆ ಮೊದಲು ಏನು ಆಗಿರಬೇಕು?" ಅಂತ ಕೇಳುತ್ತಾ ಚೀಟಿ ಸರಿಸಿದೆವು. ಐಡಿ, ಮೇಲ್, ಫೋನ್ ಲಾಗಿನ್, ಪೋರ್ಟಲ್, ಆಮೇಲೆ ಬ್ಯಾಂಕ್. ಕ್ರಮ ಬದಲಾದ ಮೇಲೆ ಅದೇ ಗೆಳೆಯ ಒಂದೂವರೆ ಗಂಟೆಯಲ್ಲಿ ಮೊದಲ ಒಂಬತ್ತು ಸಾಲು ಮುಗಿಸಿದ. ಅವನಿಗೆ ಕೆಲಸ ಮೊದಲೇ ಗೊತ್ತಿತ್ತು ಅನ್ನಿ. ನಿಜವಾದ ಹೊಸಬರಿಗೆ ಅರ್ಧ ದಿನ ಬೇಕು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಪ್ರತಿ ಸಾಲಿಗೂ ಒಂದು ಕ್ಯೂಆರ್ ಕೋಡ್. ಹಾಳೆ ನೋಡೋಕೆ ಚದುರಂಗದ ಹಾಸಿನ ಹಾಗೆ ಆಯಿತು. ಫೋನ್ ಹಿಡಿದರೆ ಪಕ್ಕದ ಸಾಲಿನ ಕೋಡ್ ಓದುತ್ತಿತ್ತು. ಈಗ ಕೆಳಗೆ ಒಂದೇ ಕೋಡ್, ಪೂರ್ತಿ ಡೆಕ್ ಇರುವ ಪುಟಕ್ಕೆ. ಹುಡುಕು ಅಂತ ಗುರುತು ಹಾಕಿದ ಸ್ಲೈಡ್‌ಗಳು ಅಲ್ಲೇ ಇವೆ. ಆನ್‌ಲೈನ್ ಶೀಟ್‌ನಲ್ಲಿ ಟಿಕ್ ಹಾಕಿಸೋದನ್ನೂ ನೋಡಿದೆ. ಲಾಗಿನ್ ಮಾಡೋದು ಹೇಗೆ ಅಂತ ಹೇಳುವ ಪಟ್ಟಿ ಲಾಗಿನ್ ಒಳಗೆ ಕೂತಿತ್ತು, ಅಲ್ವಾ? ಮೊದಲ ದಿನಕ್ಕೆ ಕಾಗದವೇ ಸರಿ.

ಲೀಗಲ್‌ನವರು ಕೊನೆವರೆಗೂ ಒಪ್ಪಲಿಲ್ಲ, ಅವರ ಮಾತು ತಪ್ಪೂ ಅಲ್ಲ. ನೀತಿಗಳನ್ನು ಓದಿ ಸಹಿ ಹಾಕಿದ್ದಕ್ಕೆ ದಾಖಲೆ ಬೇಕು, ಹಾಳೆಯ ಮೇಲಿನ ಟಿಕ್ ದಾಖಲೆ ಆಗೋದಿಲ್ಲ. ನೀತಿಗಳ ಹನ್ನೆರಡು ಸ್ಲೈಡನ್ನು ನಾನು ಕುಗ್ಗಿಸಲೇ ಇಲ್ಲ. ಹಾಳೆಯಲ್ಲಿ ಒಂದು ಸಾಲು ಮಾತ್ರ: ಪೂರ್ತಿ ನೀತಿ ಓದಿ ಸಹಿ ಹಾಕಿ, ಮುಗಿಯಿತು ಅಂದರೆ, ಸಹಿ ಆದ ಪ್ರತಿ ನಿಮ್ಮ ಮೇಲ್‌ಗೆ ಬರಬೇಕು. ಬೆಂಕಿ ಬಿದ್ದರೆ ಎಲ್ಲಿಂದ ಹೊರಗೆ ಹೋಗಬೇಕು ಅನ್ನೋದನ್ನೂ ಹಾಳೆಗೆ ಬಿಡಲಿಲ್ಲ. ಕರೆದುಕೊಂಡು ಹೋಗಿ ಮೆಟ್ಟಿಲು ತೋರಿಸುತ್ತೇವೆ.

ಲೆಕ್ಕ ಬೇಕು ಅಂತ ಫೈನಾನ್ಸ್‌ನವರು ಕೇಳಿದರು. ತಿಂಗಳಿಗೆ ಸುಮಾರು 12 ಜನ, ತಲಾ ಆರು ಗಂಟೆ, ಅಂದರೆ 72 ಗಂಟೆ ಸಂಬಳ ಕೊಟ್ಟು ಕೂರಿಸುತ್ತಿದ್ದೆವು. ಈಗ ಸೆಷನ್ ಎರಡು ಗಂಟೆ, ಒಟ್ಟು 24. ಉಳಿದ 48 ಗಂಟೆ ಪೂರ್ತಿ ಲಾಭ ಅಂತ ನಾನು ಹೇಳೋದಿಲ್ಲ, ಹಾಳೆ ಮುಗಿಸೋಕೂ ಸಮಯ ಹೋಗುತ್ತೆ. ಆದರೆ ಅದು ಮೊದಲೂ ಹೋಗುತ್ತಿತ್ತು, ಲೆಕ್ಕಕ್ಕೆ ಬರುತ್ತಿರಲಿಲ್ಲ ಅಷ್ಟೇ. ಮೊದಲ ವಾರದಲ್ಲಿ ಐಟಿ ಹೆಲ್ಪ್‌ಡೆಸ್ಕಿಗೆ ಬರುವ ಟಿಕೆಟ್ ಅರ್ಧಕ್ಕಿಂತ ಕಡಿಮೆ ಆಗಿದೆ ಅಂತ ಅವರೇ ಹೇಳಿದರು. ಈ ಮಾತನ್ನ ಮೇಡಂಗೆ ಮೂರು ಸಲ ಫಾರ್ವರ್ಡ್ ಮಾಡಿದ್ದೇನೆ.

ಈಗ ಹಾಳೆಯಲ್ಲಿ 17 ಸಾಲು, ಅಕ್ಷರ 11 ಪಾಯಿಂಟ್. ಲ್ಯಾಮಿನೇಟ್ ಮಾಡಿಸೋದಿಲ್ಲ. ಮೂಲೆಯಲ್ಲಿ ತಿಂಗಳು ಮತ್ತು ನನ್ನ ಎಕ್ಸ್‌ಟೆನ್ಷನ್ ನಂಬರ್ ಇರುತ್ತೆ. ಮೂವತ್ತನೇ ದಿನ ಹಾಳೆ ವಾಪಸ್ ತೆಗೆದುಕೊಳ್ಳುತ್ತೇನೆ. ಟಿಕ್‌ಗಿಂತ ಅಂಚಿನಲ್ಲಿ ಗೀಚಿದ್ದೇ ನನಗೆ ಮುಖ್ಯ. ಒಂದೇ ಸಾಲಿನ ಪಕ್ಕ ಮೂರು ಜನ ಪ್ರಶ್ನೆ ಗುರುತು ಹಾಕಿದ್ದರೆ ಆ ಸಾಲು ಮತ್ತೆ ಬರೆಯುತ್ತೇನೆ.

ಹೊಸ ಸಾಲು ಬೇಕು ಅಂದರೆ ಹಳೇದೊಂದು ಹೊರಗೆ ಹೋಗಬೇಕು, ಯಾವುದು ಅಂತ ಕೇಳಿದವರೇ ಹೇಳಬೇಕು. ಕಳೆದ ತಿಂಗಳು ಸೆಕ್ಯೂರಿಟಿ ಟೀಮಿನವರು ಎರಡು ಸಾಲು ಸೇರಿಸಿ ಅಂತ ಮೇಲ್ ಹಾಕಿದ್ದರು. ಯಾವ ಎರಡು ತೆಗೆಯಲಿ ಅಂತ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.